ಅಪ್ಪ ಕೊಟ್ಟ ಮನೆ, ಅಪ್ಪನೇ ಇರುವ ಮನೆ

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ತುಮಕೂರಿನಲ್ಲಿ ತಾವೇ ಕಟ್ಟಿಸಿದ ಮನೆಯನ್ನು ಕಳೆದ ವರ್ಷ ನನ್ನ ಹೆಸರಿಗೆ ದಾನಪತ್ರ ಬರೆದು ನೋಂದಣಿ ಮಾಡಿಸಿಕೊಟ್ಟರು. ಈಗಲೂ ಅವರು ಅದೇ ಮನೆಯಲ್ಲಿದ್ದಾರೆ. ನಾನು ಗಂಡನ ಜೊತೆ ಬೆಂಗಳೂರಿನಲ್ಲಿದ್ದೇನೆ. "ನಿನಗೆ ಸ್ವಾಧೀನವೇ ಸಿಕ್ಕಿಲ್ಲ, ಪತ್ರಕ್ಕೆ ನಿನ್ನ ಸಹಿಯೂ ಇಲ್ಲ, ಅಪ್ಪನ ಕೈಲಿ ರದ್ದು ಮಾಡಿಸ್ತೀನಿ" ಅಂತ ತಮ್ಮ ಹೇಳುತ್ತಿದ್ದಾನೆ. ಪತ್ರದ ನಕಲು ಕಳಿಸಿದ್ದೇನೆ. ಎಷ್ಟು ಸಲ ಓದಿದರೂ ತಲೆಬುಡ ಅರ್ಥವಾಗುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಪೂರ್ತಿ ಓದಿದೆ. ಮನೆ ತಂದೆಯವರ ಸ್ವಯಾರ್ಜಿತ ಎಂದು ಮೊದಲ ಪುಟದಲ್ಲೇ ಇದೆ, ಅವರ ಸಹಿ ಇದೆ, ಇಬ್ಬರು ಸಾಕ್ಷಿಗಳ ಸಹಿ ಇದೆ, ನೋಂದಣಿಯಾಗಿದೆ. ಸ್ಥಿರಾಸ್ತಿಯ ದಾನಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಕೇಳುವ ಬರವಣಿಗೆಯ ಕ್ರಮ ಇಷ್ಟೇ. ದಾನ ಪಡೆಯುವವರ ಸಹಿ ಕಡ್ಡಾಯ ಎಂದು ಅದರಲ್ಲಿ ಎಲ್ಲೂ ಇಲ್ಲ.

ಆದರೆ ನೀವು ಒಪ್ಪಿಕೊಂಡಿರಲೇಬೇಕು, ಅದೂ ತಂದೆಯವರು ಬದುಕಿರುವಾಗಲೇ. "ಮಗಳು ಈ ದಾನವನ್ನು ಸಂತೋಷದಿಂದ ಸ್ವೀಕರಿಸಿರುತ್ತಾಳೆ" ಎಂದು ಪತ್ರದಲ್ಲಿ ತಂದೆಯವರು ಬರೆಸಿದ್ದಾರೆ. ಅದು ಅವರ ಮಾತು. ನಿಮ್ಮ ಒಪ್ಪಿಗೆಯನ್ನು ನಿಮ್ಮ ನಡವಳಿಕೆ ತೋರಿಸಬೇಕು. ಮೂಲ ಪತ್ರ ನಿಮ್ಮ ಬಳಿ ಇದೆಯೇ? ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ದೀರಾ? ಮನೆ ಕಂದಾಯ ನೀವು ಕಟ್ಟಿದ್ದೀರಾ? ಇವುಗಳ ಬಗ್ಗೆ ನೀವು ಏನೂ ಬರೆದಿಲ್ಲ. ಮಾಡಿಲ್ಲವಾದರೆ ಈ ವಾರವೇ ಮೂಲ ಪತ್ರವನ್ನು ಕೇಳಿ ಪಡೆದುಕೊಳ್ಳಿ, ಪಾಲಿಕೆಯಲ್ಲಿ ಖಾತೆಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಖಾತೆಯಿಂದ ಹಕ್ಕು ಹುಟ್ಟುವುದಿಲ್ಲ, ನಿಜ; ಆದರೆ ನೀವು ದಾನವನ್ನು ಒಪ್ಪಿದ್ದೀರಿ ಎನ್ನುವುದಕ್ಕೆ ದಿನಾಂಕದ ಸಮೇತ ಒಂದು ಪುರಾವೆ ಸಿಗುತ್ತದೆ.

ಸ್ವಾಧೀನದ ವಿಷಯದಲ್ಲಿ ನಿಮ್ಮ ಗೊಂದಲಕ್ಕೆ ಕಾರಣ ಪತ್ರದಲ್ಲೇ ಇದೆ. ಮೂರನೇ ಪುಟದಲ್ಲಿ "ಈ ದಿನವೇ ಸ್ವತ್ತನ್ನು ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ" ಎಂದಿದೆ. ಅದರ ಕೆಳಗೆ, "ನನ್ನ ಜೀವಿತಾವಧಿಯವರೆಗೆ ಸದರಿ ಮನೆಯಲ್ಲಿ ವಾಸವಿರಲು ನನಗೆ ಹಕ್ಕಿರುತ್ತದೆ." ಮೊದಲನೆಯದು ಪತ್ರಬರಹಗಾರರು ಎಲ್ಲ ದಾನಪತ್ರಕ್ಕೂ ಹಾಕುವ ಸಾಲು, ಎರಡನೆಯದು ನಿಮ್ಮ ತಂದೆ ಹೇಳಿ ಬರೆಸಿದ್ದಿರಬೇಕು. ಎರಡನ್ನೂ ಕೂಡಿಸಿ ಓದಿದರೆ ಬರುವ ಅರ್ಥ ಇದು: ಮಾಲೀಕತ್ವ ನೋಂದಣಿಯಿಂದಲೇ ನಿಮಗೆ ಬಂದಿದೆ, ವಾಸದ ಹಕ್ಕು ಅವರು ಇರುವಷ್ಟು ಕಾಲ ಅವರದು. ನೋಂದಾಯಿತ ದಾನಕ್ಕೆ ಸ್ವಾಧೀನ ಕೊಡಲೇಬೇಕೆಂದಿಲ್ಲ, ದಾನಿಯು ಅನುಭೋಗದ ಹಕ್ಕನ್ನು ಉಳಿಸಿಕೊಂಡರೂ ದಾನ ಕೆಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ತಮ್ಮನ ಈ ವಾದ ನಿಲ್ಲುವುದಿಲ್ಲ. ಹಾಗೆಯೇ, ತಂದೆಯವರನ್ನು ಮನೆ ಬಿಡಿ ಎನ್ನುವ ಹಕ್ಕು ನಿಮಗೂ ಇಲ್ಲ.

ಇನ್ನು ರದ್ದು. ಮನಸ್ಸು ಬದಲಾಯಿತು ಎಂದು ದಾನಿ ಒಬ್ಬರೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ರದ್ದುಪತ್ರ ಬರೆದರೆ ಪೂರ್ಣಗೊಂಡ ದಾನ ಬಿದ್ದುಹೋಗುವುದಿಲ್ಲ. ಬಲವಂತ, ಮೋಸ, ಅನುಚಿತ ಪ್ರಭಾವದಂಥ ಕಾರಣವಿದ್ದರೆ ಅದನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ಪತ್ರದ ಕೊನೆಯಲ್ಲಿ "ಯಾವ ಕಾರಣಕ್ಕೂ ರದ್ದುಪಡಿಸುವುದಿಲ್ಲ" ಎಂದು ಇರುವುದರಿಂದ ನಿಶ್ಚಿಂತೆಯಾಗಿರಬಹುದು ಎಂದು ನಿಮಗೆ ಅನ್ನಿಸಬಹುದು. ಅಷ್ಟು ನಿಶ್ಚಿಂತೆ ಬೇಡ. ನಾಲ್ಕನೇ ಪುಟದ ಒಂದೂವರೆ ಸಾಲನ್ನು ನೀವು ಗಮನಿಸಿದಂತಿಲ್ಲ: "ನನ್ನ ಊಟೋಪಚಾರ, ಔಷಧೋಪಚಾರಗಳನ್ನು ಮಗಳು ನೋಡಿಕೊಳ್ಳತಕ್ಕದ್ದು." ಇದು ಷರತ್ತು.

ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಇಂಥ ಷರತ್ತಿಗಾಗಿಯೇ ಇದೆ. ಆರೈಕೆಯ ಷರತ್ತಿನ ಮೇಲೆ ಆಸ್ತಿ ಪಡೆದವರು ಅದನ್ನು ನಡೆಸದೆ ಹೋದರೆ ಆ ದಾನ ಮೋಸದಿಂದಲೋ ಬಲವಂತದಿಂದಲೋ ಆದದ್ದು ಎಂದೇ ಭಾವಿಸಲಾಗುತ್ತದೆ; ಕೊಟ್ಟವರು ಬಯಸಿದರೆ ಅದು ಅನೂರ್ಜಿತ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ. ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಕಾಯ್ದೆಯನ್ನು ಹಿರಿಯರ ಹಿತಕ್ಕೆ ಒದಗುವಂತೆ ಓದಬೇಕು ಎಂದು 2025ರಲ್ಲಿ ಒತ್ತಿ ಹೇಳಿತು. ನಿಮ್ಮ ಪತ್ರದಲ್ಲಿ ಷರತ್ತು ಬರಹದಲ್ಲೇ ಇದೆ. ನೊಂದು ದೂರು ಹೇಳಬೇಕಾದವರು ನಿಮ್ಮ ತಂದೆ, ತಮ್ಮನಲ್ಲ. ಆದರೆ ಬೆಂಗಳೂರಿನಲ್ಲಿರುವ ನೀವು ಅವರ ಊಟ, ಮಾತ್ರೆಗೆ ಏನು ಏರ್ಪಾಡು ಮಾಡಿದ್ದೀರಿ ಎಂಬ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ. ಮಧ್ಯಾಹ್ನದ ಅಡುಗೆಗೆ ಒಬ್ಬರನ್ನು ಗೊತ್ತುಮಾಡಿ, ಔಷಧಿಯ ಹಣವನ್ನು ಅವರ ಬ್ಯಾಂಕ್ ಖಾತೆಗೇ ಹಾಕಿ, ಆಸ್ಪತ್ರೆಗೆ ಹೋಗುವ ದಿನ ಜೊತೆಯಲ್ಲಿರಿ. ಹಣ ಕಳಿಸಿದ ದಾಖಲೆ ಇರಲಿ, ಆದರೆ ಅವರು ಕೇಳುತ್ತಿರುವುದು ಹಣವನ್ನಷ್ಟೇ ಅಲ್ಲ.

ಮನೆಯನ್ನು ಅಡವಿಡುವ ಅಥವಾ ಮಾರುವ ಯೋಚನೆಯಿದ್ದರೆ ಈಗಲೇ ಬಿಡಿ. ತಂದೆಯವರ ವಾಸದ ಹಕ್ಕು ಪತ್ರದಲ್ಲೇ ನೋಂದಣಿಯಾಗಿರುವುದರಿಂದ ಕೊಳ್ಳುವವರನ್ನೂ ಅದು ಕಟ್ಟಿಹಾಕುತ್ತದೆ. ಅವರ ಲಿಖಿತ ಒಪ್ಪಿಗೆಯಿಲ್ಲದೆ ಆ ಮನೆಯ ಮೇಲೆ ಯಾವ ಕರಾರಿಗೂ ಸಹಿ ಹಾಕಬೇಡಿ.