ಅಂಗಡಿಗೆ ಹೋದದ್ದೆಲ್ಲ ಮಾರಿದ್ದಲ್ಲ

ಮಗು, ನಿನ್ನ ಮೊದಲ ಪುಸ್ತಕ ಚೆನ್ನಾಗಿ ಬಂದಿದೆ. ಮುಖಪುಟ ಚಂದ, ಅಚ್ಚು ಸ್ವಚ್ಛ, ಕನ್ನಡಕ ಹಾಕಿಕೊಂಡು ಹುಡುಕಿದರೂ ಎರಡೇ ತಪ್ಪು ಸಿಕ್ಕವು. ಆದರೆ ಮೊನ್ನೆ ಫೋನು ಮಾಡಿ, "ತಾತ, 350 ಪ್ರತಿ ಹೋಯ್ತು, 11 ಸಾವಿರ ಲಾಭ" ಅಂದೆಯಲ್ಲ, ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೋಯ್ತು ಅಂದರೆ ಎಲ್ಲಿಗೆ ಹೋಯ್ತು? ಓದುವವರ ಕೈಗೆ ಹೋಯ್ತೋ, ಅಂಗಡಿಯ ಅಟ್ಟಕ್ಕೆ ಹೋಯ್ತೋ? ನಿನಗೆ ಓಡುವ ಕಾಲಿದೆ, ಒಳ್ಳೆಯದು. ಸ್ವಲ್ಪ ಕೂತು ಎಣಿಸುವ ಬುದ್ಧಿಯನ್ನೂ ಕಲಿ.

ಈ ತಪ್ಪು ನಾನೂ ಮಾಡಿದವನೇ. ನನ್ನ ಪ್ರಕಾಶನ ಶುರುವಾದ ಎರಡನೇ ವರ್ಷ, ಒಂದು ಕಥಾಸಂಕಲನದ ಸಾವಿರ ಪ್ರತಿ ಅಚ್ಚು ಹಾಕಿಸಿದ್ದೆ. ನಾಲ್ಕು ತಿಂಗಳಲ್ಲಿ ಮನೆಯಲ್ಲಿ ಹತ್ತೇ ಪ್ರತಿ ಉಳಿದವು. ಖಾಲಿಯಾಯ್ತು ಅಂತ ಸಂಭ್ರಮಪಟ್ಟು, ಸಾಲ ಮಾಡಿ ಎರಡನೇ ಮುದ್ರಣ ಹಾಕಿಸಿಬಿಟ್ಟೆ. ಹೊಸ ಬಂಡಲ್‌ಗಳು ಬಂದು ಎರಡು ತಿಂಗಳಾಗಿರಲಿಲ್ಲ, ಒಬ್ಬ ಅಂಗಡಿಯವರಿಂದ 260 ಪ್ರತಿ ವಾಪಸು ಬಂದವು, ಕಟ್ಟಿದ ಹುರಿಯನ್ನೂ ಬಿಚ್ಚಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ನಾನು ಹೊಲಿಸಿದ್ದು ಹಾಗೆ. ಆ ಸಾಲ ತೀರಿಸಲು ಮೂರು ವರ್ಷ ಹಿಡಿಯಿತು. ಅಂದಿನಿಂದ ನಾನು ರೂಪಾಯಿಗಿಂತ ಮೊದಲು ಪ್ರತಿ ಎಣಿಸುತ್ತೇನೆ.

ನಿನ್ನ ಪುಸ್ತಕದ್ದೇ ಲೆಕ್ಕ ಹಿಡಿಯೋಣ. ನೀನು ಕಳಿಸಿದ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತಿದ್ದೇನೆ. ಅರ್ಧ ಚೀಟಿಗೆ ತಾರೀಖಿಲ್ಲ, ಅದರ ಜಗಳ ಆಮೇಲೆ.

ಒಟ್ಟು 500 ಪ್ರತಿ. ಪುಟವಿನ್ಯಾಸಕ್ಕೆ 6,000, ಮುಖಪುಟಕ್ಕೆ 4,000, ಕರಡು ತಿದ್ದಿದವರಿಗೆ 3,000, ಮುದ್ರಕರ ಬಿಲ್ಲು ತೆರಿಗೆ ಸಮೇತ 35,500, ಸಾಗಣೆ 1,500. ಕೂಡಿದರೆ 50,000. ಅಂದರೆ ಒಂದು ಪ್ರತಿ ನಿನ್ನ ಮನೆ ಬಾಗಿಲಿಗೆ ಬರುವಾಗ 100 ರೂಪಾಯಿ. ನೀನು ಮುದ್ರಕರ ಬಿಲ್ಲನ್ನು ಮಾತ್ರ ಭಾಗಿಸಿ ಪ್ರತಿಗೆ 71 ರೂಪಾಯಿ ಅಂದುಕೊಂಡಿದ್ದೆ. ಕರಡು ತಿದ್ದಿದವರು ನಿನ್ನ ಸ್ನೇಹಿತರಾದರೂ ಅವರಿಗೆ ಕೊಟ್ಟ ದುಡ್ಡು ದುಡ್ಡೇ ತಾನೇ? ಮುದ್ರಕರ ಬಿಲ್ಲಿನಲ್ಲಿರುವ ಜಿಎಸ್‌ಟಿಯನ್ನೂ ಬಿಡಬೇಡ. ಅಚ್ಚಾದ ಪುಸ್ತಕ ಮಾರುವಾಗ ಜಿಎಸ್‌ಟಿ ಇಲ್ಲ. ಹಾಗಾಗಿ ಮುದ್ರಣಕ್ಕೆ ಕಟ್ಟಿದ ತೆರಿಗೆಯನ್ನು ಯಾವುದರಲ್ಲೂ ವಜಾ ಮಾಡಿಕೊಳ್ಳಲು ಬರುವುದಿಲ್ಲ. ಅದು ನಿನ್ನ ಖರ್ಚಿನಲ್ಲೇ ಕೂರುತ್ತದೆ.

ಪುಸ್ತಕದ ಬೆಲೆ 250. ಬಿಡುಗಡೆಯ ದಿನ ರಿಯಾಯಿತಿ ಕೊಟ್ಟು 200ರಂತೆ 90 ಪ್ರತಿ ಮಾರಿದೆ. ಅಂಚೆಯಲ್ಲಿ ಪೂರ್ತಿ ಬೆಲೆಗೆ 40 ಪ್ರತಿ ಹೋದವು, ಅಂಚೆವೆಚ್ಚ ಪ್ರತಿಗೆ 40 ನೀನೇ ಹಾಕಿಕೊಂಡೆ. ಅಂಗಡಿಗಳಿಗೆ ನೂರಕ್ಕೆ 40 ಕಮಿಷನ್ ಕಳೆದು, 150ರ ಲೆಕ್ಕದಲ್ಲಿ 220 ಪ್ರತಿ ಕಳಿಸಿದೆ. ಇವನ್ನೆಲ್ಲ ಕೂಡಿಸಿ 61,000 ವ್ಯಾಪಾರ ಅಂದೆ, 50,000 ಕಳೆದೆ, 11,000 ಲಾಭ ಅಂದೆ.

ಈಗ ಪ್ರತಿ ಎಣಿಸು. ಅಂಗಡಿಗೆ ಹೋದ 220ರಲ್ಲಿ ಮಾರ್ಚ್ 31ರವರೆಗೆ ಮಾರಾಟವಾಗಿದೆ ಅಂತ ಅವರೇ ಹೇಳಿದ್ದು 100. ವಾಪಸು ಬಂದದ್ದು 50. ಉಳಿದ 70 ಇನ್ನೂ ಅವರ ಕಪಾಟಿನಲ್ಲೇ ಇವೆ, ಅವು ನಿನ್ನವು. ವಾಪಸು ಬಂದದ್ದರಲ್ಲಿ 6ಕ್ಕೆ ಬೆನ್ನು ಬಿಸಿಲಿಗೆ ಬಣ್ಣಗೆಟ್ಟು ಮೂಲೆ ಮುರಿದಿದೆ, ಮಾರಲಾಗದು. ಗೌರವ ಪ್ರತಿ ಅಂತ ಲೇಖಕರಿಗೆ, ವಿಮರ್ಶೆಗೆ, ನೆಂಟರಿಗೆ ಕೊಟ್ಟದ್ದು 45. ಮನೆಯಲ್ಲಿ ಚೆನ್ನಾಗಿರುವುದು 149.

ಕೂಡಿ ನೋಡು. ಮಾರಿದ್ದು 90, 40, 100, ಒಟ್ಟು 230. ಗೌರವ ಪ್ರತಿ 45. ಹಾಳಾದ್ದು 6. ಅಂಗಡಿಯಲ್ಲಿ 70. ಮನೆಯಲ್ಲಿ 149. ಸರಿಯಾಗಿ 500. ಈ ಮೊತ್ತ ಅಚ್ಚಾದ ಸಂಖ್ಯೆಗೆ ಬಂದು ಮುಟ್ಟುವವರೆಗೆ ದುಡ್ಡಿನ ಮಾತೇ ಎತ್ತಬೇಡ. ಮುಟ್ಟಲಿಲ್ಲ ಅಂದರೆ ಎರಡೇ ಕಡೆ ಹುಡುಕು: ಬರೆಯದೆ ಕೊಟ್ಟ ಗೌರವ ಪ್ರತಿ, ಇಲ್ಲವೇ ಚಲನ್ ಇಲ್ಲದೆ ಸ್ಕೂಟರಿನಲ್ಲಿ ಒಯ್ದುಕೊಟ್ಟ ಹತ್ತು ಪ್ರತಿ. ನನ್ನ ಅನುಭವದಲ್ಲಿ ಕಳ್ಳ ಸಿಕ್ಕಿದ್ದೇ ಇಲ್ಲ, ಸಿಗುವುದು ಮರೆವು.

ಇನ್ನು ದುಡ್ಡು. 230 ಪ್ರತಿಯ ಮಾರಾಟ 18,000, 10,000, 15,000 ಸೇರಿ 43,000. ಕೈಲಿರುವ ಒಳ್ಳೆಯ ಪ್ರತಿ ಮನೆಯದೂ ಅಂಗಡಿಯದೂ ಸೇರಿ 219, ತಲಾ 100ರಂತೆ 21,900. ಅದು ಮುಂದಿನ ವರ್ಷದ ಸರಕು. ಉಳಿದ 28,100 ಈ ವರ್ಷದ ಖರ್ಚು. ಗೌರವ ಪ್ರತಿಯ 4,500 ಅದರೊಳಗೇ ಇದೆ. ಅಂಚೆವೆಚ್ಚ 1,600. ಲೇಖಕರಿಗೆ ಬೆಲೆಯ ಮೇಲೆ ನೂರಕ್ಕೆ 10ರಂತೆ ಗೌರವಧನ, ಪ್ರತಿಗೆ 25, 230ಕ್ಕೆ 5,750. ಇದನ್ನಂತೂ ನೀನು ಮರೆತೇಬಿಟ್ಟಿದ್ದೆ. ಎಲ್ಲ ಕಳೆದರೆ ನಿಜವಾದ ಲಾಭ 7,550.

ಜೇಬು ನೋಡಿದರೆ ಬೇರೆಯದೇ ಕಥೆ. ಅಂಗಡಿಯವರು 100 ಮಾರಿದರೂ ಕೊಟ್ಟದ್ದು 60 ಪ್ರತಿಯ ದುಡ್ಡು, 9,000. ಇನ್ನೂ 6,000 ಉದ್ರಿ ನಿಂತಿದೆ. ಕೈಗೆ ಬಂದದ್ದು 37,000, ಕೈಯಿಂದ ಹೋದದ್ದು 51,600. ಲೇಖಕರಿಗೆ ಕೊಡುವುದನ್ನು ಇನ್ನೂ ಕೊಟ್ಟೇ ಇಲ್ಲ, ಆಗಲೇ 14,600 ಕೊರತೆ. ಲಾಭವಿದ್ದರೂ ಎರಡನೇ ಪುಸ್ತಕದ ಮುಂಗಡಕ್ಕೆ ದುಡ್ಡು ಯಾಕಿಲ್ಲ ಅಂತ ತಲೆ ಕೆರೆದುಕೊಂಡೆಯಲ್ಲ, ದುಡ್ಡು ಆ 219 ಪ್ರತಿಯಲ್ಲಿದೆ, ಅಂಗಡಿಯವರ ಗಲ್ಲೆಯಲ್ಲಿದೆ. ಹೊಸ ಪುಸ್ತಕ ಹಾಕುವ ನಿರ್ಧಾರವನ್ನು ಜೇಬಿನ ಲೆಕ್ಕ ನೋಡಿ ಮಾಡು, ಲಾಭದ ಲೆಕ್ಕ ನೋಡಿ ಮಾಡಬೇಡ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಉದ್ದ ನೋಟ್‌ಬುಕ್ ಸಾಕು, ಎಕ್ಸೆಲ್ ಬರುತ್ತದೆ ಅಂದರೆ ಅದರಲ್ಲೇ ಬರಿ. ಪುಸ್ತಕಕ್ಕೊಂದು ಪುಟ: ತಾರೀಖು, ಯಾರಿಗೆ, ಚೀಟಿ ನಂಬರು, ಹೋದ ಪ್ರತಿ, ಬಂದ ಪ್ರತಿ, ಉಳಿದ ಪ್ರತಿ. ಅಂಗಡಿಗೊಂದು ಪುಟ: ಕಳಿಸಿದ್ದು, ವಾಪಸು ಬಂದದ್ದು, ಮಾರಿದ್ದು, ಬರಬೇಕಾದ ದುಡ್ಡು, ಬಂದ ದುಡ್ಡು. ಇನ್ನೊಂದು ರೋಜುಕಿರ್ದಿ, ಅವತ್ತಿನ ಜಮಾ ಖರ್ಚಿಗೆ. ಮೂರನ್ನೂ ಅವತ್ತೇ ರಾತ್ರಿ ಬರಿ. ನಾಳೆ ಬರೆಯುತ್ತೇನೆ ಅಂದವರ ನಾಳೆಯನ್ನು ನಾನು ನೋಡಿದ್ದೇನೆ, ಮಾರ್ಚ್ ಕೊನೆಯ ವಾರದಲ್ಲಿ ಬರುತ್ತದೆ.

ಅಂಗಡಿಗೆ ಪ್ರತಿ ಕಳಿಸುವಾಗ ಒಂದು ಪ್ರಶ್ನೆ ಮೊದಲೇ ಕೇಳು: ನಗದು ಖರೀದಿಯೋ, ಮಾರಿದ ಮೇಲೆ ಲೆಕ್ಕವೋ? ನಗದು ಖರೀದಿಯಾದರೆ ಬಿಲ್ಲು ಬರಿ, ಅದು ಅವತ್ತೇ ಮಾರಾಟ. ಮಾರಿದ ಮೇಲೆ ಲೆಕ್ಕವಾದರೆ ಬರೀ ಡೆಲಿವರಿ ಚಲನ್ ಕೊಡು. ಅದರ ಮೇಲೆ ಪ್ರತಿ ಎಷ್ಟು, ಕಮಿಷನ್ ಎಷ್ಟು, ವಾಪಸು ಎಷ್ಟು ತಿಂಗಳೊಳಗೆ, ಸಾಗಣೆ ಯಾರದು ಅಂತ ಬರೆದು ಸಹಿ ಹಾಕಿಸಿಕೋ. ಅವರು ಮಾರಾಟದ ಲೆಕ್ಕ ಕೊಟ್ಟ ದಿನ ಬಿಲ್ಲು ಮಾಡು. ನೀನು 220ಕ್ಕೂ ಬಿಲ್ಲು ಹರಿದದ್ದರಿಂದಲೇ ಇಷ್ಟೆಲ್ಲ ಗೋಜಲು. ಬಿಲ್ಲು ಮಾಡಿದ ಮೇಲೆ ಪ್ರತಿ ವಾಪಸು ಬಂದರೆ ಹಳೆಯ ಬಿಲ್ಲನ್ನು ಹೊಡೆದುಹಾಕಬೇಡ. ಅದೇ ಕಮಿಷನ್‌ನಲ್ಲಿ ಕ್ರೆಡಿಟ್ ನೋಟ್ ಬರೆದು ಬಿಲ್ಲಿನ ನಂಬರು ನಮೂದಿಸು. ಬಂಡಲ್ ಬಂದ ದಿನವೇ ಬಿಚ್ಚಿ ನೋಡು. ಮಳೆಗಾಲದಲ್ಲಿ ತಿಂಗಳು ಬಿಟ್ಟು ಬಿಚ್ಚಿದರೆ, ಗೆದ್ದಲು ನಿನ್ನ ಮನೆಯದೋ ಅವರ ಅಂಗಡಿಯದೋ ಹೇಳುವವರು ಯಾರು? ಮೂರು ತಿಂಗಳಿಗೊಮ್ಮೆ ಫೋನು ಮಾಡಿ ಎಷ್ಟು ಉಳಿದಿದೆ ಅಂತ ಕೇಳು. ಸಂಕೋಚಪಡಬೇಡ, ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಗೌರವ ಪ್ರತಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಬಿಗಿಯಾಗು. 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಪ್ರಕಾಶಕರು ಪ್ರತಿ ಕಳಿಸಲೇಬೇಕು. ಲೇಖಕರಿಗೆ ಕೊಡಬೇಕು, ವಿಮರ್ಶೆಗೆ ಕಳಿಸಬೇಕು. ಉಳಿದವರಿಗೆ ಕೊಡುವ ಮುಂಚೆ 100 ರೂಪಾಯಿ ನೋಟು ಕೈಗಿಡುತ್ತಿದ್ದೇನೆ ಅಂತ ನೆನೆಸಿಕೋ. ಚಿಕ್ಕಪ್ಪನಿಗೆ ಪುಕ್ಕಟೆ ಕೊಟ್ಟೆ ಅಂದೆ. ಅವನಿಗೆ ಕೊಂಡು ಓದುವ ಶಕ್ತಿ ಇದೆ, ನಾನೇ ಹೇಳಿದ್ದೇನೆ.

ತೆರಿಗೆಗೆ ಆಡಿಟರ ಹತ್ತಿರ ಹೋಗುವಾಗ ಚೀಲದ ತುಂಬ ಚೀಟಿ ಹೊತ್ತು ಹೋಗಬೇಡ, ಒಂದೇ ಹಾಳೆ ಒಯ್ಯಿ. ಏಪ್ರಿಲ್ 1ಕ್ಕೆ ಇದ್ದ ಸರಕು, ವರ್ಷದಲ್ಲಿ ಅಚ್ಚಾದದ್ದು ಮತ್ತು ಅದರ ಖರ್ಚು, ಮಾರಾಟ, ವಾಪಸು, ಮಾರ್ಚ್ 31ಕ್ಕೆ ಉಳಿದ ಸರಕು, ಬರಬೇಕಾದ ಬಾಕಿ, ಕೊಡಬೇಕಾದ ಗೌರವಧನ. ಮಾರಾಟದಲ್ಲಿ ನಗದು ಎಷ್ಟು, ಬ್ಯಾಂಕಿಗೆ ಬಂದದ್ದೆಷ್ಟು ಅಂತ ಬೇರೆ ಬೇರೆ ತೋರಿಸು. ಸಣ್ಣ ವ್ಯಾಪಾರಕ್ಕಿರುವ ಅಂದಾಜು ಆದಾಯದ ಪದ್ಧತಿಯಲ್ಲಿ ನಗದಿಗೆ ನೂರಕ್ಕೆ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6 ಲಾಭವೆಂದು ಹಿಡಿಯುತ್ತಾರೆ. ಅದು ನಿನಗೆ ಹೊಂದುತ್ತದೋ ಇಲ್ಲವೋ ಅವರು ಹೇಳುತ್ತಾರೆ. ಇದರ ಸಲುವಾಗಿಯಾದರೂ ಪ್ರಕಾಶನಕ್ಕೆ ಬೇರೆ ಬ್ಯಾಂಕ್ ಖಾತೆ ಇಡು. ಮನೆಯ ಹಾಲಿನ ದುಡ್ಡೂ ಪುಸ್ತಕದ ದುಡ್ಡೂ ಒಂದೇ ಯುಪಿಐನಲ್ಲಿ ಹರಿದರೆ ಬೇರ್ಪಡಿಸುವುದು ನಿನ್ನಿಂದಾಗದು, ನನ್ನಿಂದಲೂ ಆಗದು.

ಇನ್ನೊಂದು ಮಾತನ್ನು ಅವರ ಹತ್ತಿರ ಬಿಡಿಸಿ ಕೇಳು. ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ನಿಜ. ಆದರೆ ಹಕ್ಕುಸ್ವಾಮ್ಯಕ್ಕಾಗಿ ಲೇಖಕರಿಗೆ ಕೊಡುವ ಗೌರವಧನದ ಮೇಲೆ ಜಿಎಸ್‌ಟಿ ಇದೆ. ಲೇಖಕರು ತಾವೇ ನೋಂದಾಯಿಸಿಕೊಂಡು ಕಟ್ಟಲು ಒಪ್ಪಿರದಿದ್ದರೆ, ರಿವರ್ಸ್ ಚಾರ್ಜ್ ನಿಯಮದಂತೆ ಅದನ್ನು ಕಟ್ಟುವ ಹೊಣೆ ಪ್ರಕಾಶಕರದು. ಮೇಲಿನ ಲೆಕ್ಕದಲ್ಲಿ ಅದನ್ನು ನಾನು ಸೇರಿಸಿಲ್ಲ. ಎಷ್ಟೋ ಸಣ್ಣ ಪ್ರಕಾಶಕರಿಗೆ ಇದು ಗೊತ್ತಾಗುವುದು ನೋಟಿಸು ಬಂದ ಮೇಲೆ. ನಿನಗೆ ಮುಂಚೆಯೇ ಗೊತ್ತಾಗಲಿ.

ಆ 219 ಪ್ರತಿಯ ಮೇಲೂ ಕಣ್ಣಿಡು. ಈ ವರ್ಷ ಅವಕ್ಕೆ 100ರ ಬೆಲೆ ಕಟ್ಟಿದೆವು. ಎರಡು ವರ್ಷ ಕಳೆದು, 60ಕ್ಕಿಂತ ಹೆಚ್ಚಿಗೆ ಯಾರೂ ಕೇಳುತ್ತಿಲ್ಲ ಅಂದಮೇಲೆ, ಸರಕಿನ ಬೆಲೆಯನ್ನೂ ಅಷ್ಟಕ್ಕೇ ಇಳಿಸಿ ಬರೆಯಬೇಕು. ಅಟ್ಟದ ಮೇಲಿನ ಬಂಡಲನ್ನು ಹಳೆಯ ಬೆಲೆಗೆ ಬರೆದುಕೊಂಡು ಸಾಹುಕಾರನಾದವರು ಯಾರೂ ಇಲ್ಲ.

ಈ ಭಾನುವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡ. ಮಂಚದ ಕೆಳಗಿನ ಬಂಡಲ್‌ಗಳನ್ನು ಹೊರಗೆಳೆದು ಬಿಚ್ಚಿ, ಒಂದೊಂದೇ ಪ್ರತಿ ಎಣಿಸು. 149 ಬಂತೋ ಇಲ್ಲವೋ, ಸಂಜೆಯೊಳಗೆ ನನಗೆ ಫೋನು ಮಾಡು.