ಕೊಟೇಶನ್ ಬೇಡವೆಂದ ಮೇಲೂ ಮಾತು ಉಳಿಯಬೇಕು

ಪೀಣ್ಯದಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡ್ ಮಾಡುವ ಕಾರ್ಖಾನೆಯೊಂದರ ಖರೀದಿ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ತಗಡನ್ನು ಕತ್ತರಿಸಿ, ಮಡಿಸಿ, ವೆಲ್ಡ್ ಮಾಡಿ ಪೆಟ್ಟಿಗೆ ಮಾಡುವುದೆಲ್ಲ ನಮ್ಮಲ್ಲೇ; ಪೌಡರ್ ಕೋಟಿಂಗ್ ಮಾತ್ರ ಹೊರಗೆ. ಆ ಕೆಲಸ ಕೇಳಿಕೊಂಡು ಹೊಸಬರು ಬರುತ್ತಲೇ ಇರುತ್ತಾರೆ. ಹೆಚ್ಚಿನವರಿಗೆ ಬೇಡವೆನ್ನಬೇಕಾಗುತ್ತದೆ. ಆದರೆ ನಮ್ಮ ಈಗಿನ ಕೋಟಿಂಗ್‌ನವರ ಓವನ್ ಒಂದು ವಾರ ಕೆಟ್ಟು ನಿಂತರೆ, ಹಾಗೆ ಬೇಡವೆನಿಸಿಕೊಂಡವರಿಗೇ ಫೋನ್ ಮಾಡಬೇಕಾದವನೂ ನಾನೇ.

ಒಮ್ಮೆ ಒಬ್ಬ ಯಜಮಾನರು ಕೊಟೇಶನ್ ಜೊತೆಗೆ ಎರಡು ಸ್ಯಾಂಪಲ್ ತಗಡುಗಳನ್ನೂ ತಂದುಕೊಟ್ಟರು. ಮೀಟರ್ ಇಟ್ಟು ನೋಡಿದರೆ ಕೋಟಿಂಗ್ ದಪ್ಪ ಎಲ್ಲ ಕಡೆಯೂ 60ರಿಂದ 80 ಮೈಕ್ರಾನ್ ಒಳಗೇ ಇತ್ತು. ಬ್ಲೇಡಿನಿಂದ ಚೌಕಚೌಕವಾಗಿ ಗೀರಿ, ಟೇಪ್ ಅಂಟಿಸಿ ಕಿತ್ತರೂ ಒಂದು ಚೂರೂ ಏಳಲಿಲ್ಲ. ದರವೂ ನಾವು ಕೊಡುತ್ತಿದ್ದುದಕ್ಕೆ ಹತ್ತಿರವೇ. ಅಡ್ಡಿಯಾದದ್ದು ಅವರ ಓವನ್. ಅದರಲ್ಲಿ ಆರು ಅಡಿಗಿಂತ ಎತ್ತರದ ಪೆಟ್ಟಿಗೆ ಹಿಡಿಯುತ್ತಿರಲಿಲ್ಲ. ನೆಲದ ಮೇಲೆ ನಿಲ್ಲಿಸುವ ನಮ್ಮ ಪ್ಯಾನೆಲ್‌ಗಳು ಎರಡು ಮೀಟರ್ ದಾಟುತ್ತವೆ. ಚಿಕ್ಕವನ್ನಷ್ಟೇ ಇವರಿಗೆ ಕೊಟ್ಟು ದೊಡ್ಡವನ್ನು ಹಳಬರಿಗೆ ಕೊಡೋಣವೆಂದರೆ, ಇಬ್ಬರೂ ಬೇರೆ ಬೇರೆ ಕಂಪನಿಯ ಪೌಡರ್ ಬಳಸುವವರು. ಎರಡಕ್ಕೂ ಆರ್‌ಎಎಲ್ 7035 ಎಂದೇ ಹೆಸರಿದ್ದರೂ, ಒಂದೇ ಕೋಣೆಯಲ್ಲಿ ಪಕ್ಕಪಕ್ಕ ನಿಲ್ಲಿಸಿದಾಗ ಬೂದು ಬಣ್ಣದಲ್ಲಿ ವ್ಯತ್ಯಾಸ ಕಾಣಬಹುದು. ಗಿರಾಕಿ ಅದನ್ನು ಒಪ್ಪುವುದಿಲ್ಲ.

ಇಂಥ ಕಡೆ ‘ರೇಟು ಜಾಸ್ತಿಯಾಯ್ತು’ ಎಂದು ಹೇಳಿಬಿಡುವುದು ನಮ್ಮಲ್ಲಿ ರೂಢಿ. ನಾನು ಅದನ್ನು ಮಾಡುವುದಿಲ್ಲ. ಕಾರಣ ದರವೆಂದ ಕೂಡಲೇ ಮರುದಿನ ಅವರು ದರ ಇಳಿಸಿಕೊಂಡು ಬರುತ್ತಾರೆ. ಆಗ ಹೇಳಲು ನನ್ನ ಬಳಿ ಏನೂ ಉಳಿದಿರುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಇಳಿಸಿದ ದರಕ್ಕೆ ಕೆಲಸ ಹೊಂದಿಸಲು ಕೆಲವರು ಕೋಟಿಂಗ್‌ಗೆ ಮುಂಚಿನ ಫಾಸ್ಫೇಟಿಂಗ್‌ನಲ್ಲೋ ಪೌಡರ್ ದಪ್ಪದಲ್ಲೋ ಕೈ ಬಿಗಿ ಹಿಡಿಯುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಡಿಕೆಗಳ ಅಂಚಿನಲ್ಲಿ ತುಕ್ಕು ಕಾಣುತ್ತದೆ. ಒಳ್ಳೆಯ ಕೆಲಸಗಾರನನ್ನು ನನ್ನ ಸುಳ್ಳು ಕಾರಣವೇ ಕೆಡಿಸಿದಂತೆ.

ತೀರ್ಮಾನವಾದ ದಿನವೇ ಆ ಯಜಮಾನರಿಗೆ ಫೋನ್ ಮಾಡಿ ನಿಜವಾದ ಕಾರಣ ಹೇಳಿದೆ. ತಡ ಮಾಡಿದರೆ ಅವರಿಗೆ ನಷ್ಟ: ಆರ್ಡರ್ ಬಂದೀತೆಂದು ನಮ್ಮ ಬಣ್ಣದ ಪೌಡರ್ ಪೆಟ್ಟಿಗೆಗಳನ್ನು ತರಿಸಿಟ್ಟುಕೊಳ್ಳುವವರಿದ್ದಾರೆ, ನಮಗಾಗಿ ಬೇರೆಯವರ ಕೆಲಸ ಮುಂದೂಡುವವರಿದ್ದಾರೆ. ಎಲ್ಲ ಕೇಳಿಕೊಂಡ ಯಜಮಾನರು, “ಬೇರೆಯವರು ಎಷ್ಟಕ್ಕೆ ಮಾಡ್ತಾರೆ ಹೇಳಿ ಸರ್, ನಾನೂ ನೋಡ್ತೀನಿ” ಎಂದರು. “ಅವರ ರೇಟು ನಿಮಗೆ ಹೇಳಿದ್ರೆ ನಾಳೆ ನಿಮ್ಮದನ್ನ ಅವರಿಗೂ ಹೇಳ್ತೀನಿ ಅಂತಾಗುತ್ತೆ. ಇಲ್ಲಿ ರೇಟಿನ ಪ್ರಶ್ನೆಯೇ ಇಲ್ಲ, ಓವನ್ ಅಳತೆಯದ್ದು” ಎಂದೆ. ಅವರು ಮತ್ತೆ ಒತ್ತಾಯಿಸಲಿಲ್ಲ.

ಆಮೇಲೆ ಕಳಿಸಿದ ಮೇಲ್ ಹೀಗಿತ್ತು: “ನಿಮ್ಮ ಕೊಟೇಶನ್‌ಗೂ ಸ್ಯಾಂಪಲ್‌ಗಳಿಗೂ ಧನ್ಯವಾದ. ಈ ಆರ್ಡರನ್ನು ನಿಮಗೆ ಕೊಡಲಾಗುತ್ತಿಲ್ಲ. ನಮ್ಮ ಪ್ಯಾನೆಲ್‌ಗಳ ಎತ್ತರ ನಿಮ್ಮ ಓವನ್‌ಗಿಂತ ಹೆಚ್ಚಿರುವುದೊಂದೇ ಕಾರಣ. ಸ್ಯಾಂಪಲ್ ಪರೀಕ್ಷೆಯ ಅಳತೆಗಳನ್ನು ಜೊತೆಗೆ ಕಳಿಸಿದ್ದೇನೆ. ಗೋಡೆಗೆ ಹಾಕುವ ಚಿಕ್ಕ ಪೆಟ್ಟಿಗೆಗಳಷ್ಟೇ ಇರುವ ಆರ್ಡರ್ ಬಂದಾಗ ನಿಮ್ಮಿಂದಲೂ ದರ ಕೇಳುತ್ತೇನೆ. ನೀವು ದೊಡ್ಡ ಓವನ್ ಹಾಕಿಸಿದರೆ ದಯವಿಟ್ಟು ತಿಳಿಸಿ.”

ಈ ಮೇಲ್‌ನಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು ಕೊನೆಯ ಎರಡು ವಾಕ್ಯಗಳನ್ನು. ‘ಮುಂದೆ ನೋಡೋಣ’ ಎಂದಷ್ಟೇ ಬರೆದಿದ್ದರೆ ಅವರು ಪ್ರತಿ ಸೋಮವಾರ ಫೋನ್ ಮಾಡಬೇಕಿತ್ತು, ನಾನು ಪ್ರತಿ ಸೋಮವಾರ ನೆಪ ಹುಡುಕಬೇಕಿತ್ತು. ಯಾವ ಕೆಲಸ ಬಂದರೆ ಕರೆಯುತ್ತೇನೆ, ಅವರ ಕಡೆ ಏನು ಬದಲಾಗಬೇಕು ಎಂಬುದು ಸ್ಪಷ್ಟವಿದ್ದರೆ ಇಬ್ಬರಿಗೂ ನೆಮ್ಮದಿ. ಪರೀಕ್ಷೆಯ ಅಳತೆಗಳನ್ನು ಕೊಟ್ಟದ್ದೂ ಉಪಚಾರಕ್ಕಲ್ಲ. ಸ್ಯಾಂಪಲ್ ಮಾಡಲು ಅವರು ಪೌಡರ್, ಗ್ಯಾಸ್, ಆಳಿನ ಕೂಲಿ ಖರ್ಚು ಮಾಡಿದ್ದಾರೆ. ಅದರ ಫಲಿತಾಂಶ ಅವರಿಗೆ ಸೇರಬೇಕಾದದ್ದು. ನಾನೂ ಮಾತು ಮರೆಯದಂತೆ, ಕೋಟಿಂಗ್‌ನವರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಓವನ್ ಅಳತೆ ಬರೆದಿಟ್ಟೆ.

ಮುಂದೆ ಮೀಟರ್ ಪೆಟ್ಟಿಗೆಗಳದ್ದೇ ಒಂದು ಆರ್ಡರ್ ಬಂದಾಗ ಆ ಪಟ್ಟಿ ನೋಡಿ ಕರೆದೆ. ಮೊದಲು ಸಣ್ಣ ಲಾಟ್ ಮಾಡಿಸಿ, ಪರೀಕ್ಷಿಸಿ, ಉಳಿದದ್ದನ್ನೂ ಅವರಿಗೇ ಕೊಟ್ಟೆವು.

ಎಲ್ಲರಿಗೂ ಇದೇ ಮೇಲ್ ಕಳಿಸಬಾರದು. ಸ್ಯಾಂಪಲ್‌ನ ಕೋಟಿಂಗ್ ಟೇಪ್‌ಗೇ ಕಿತ್ತು ಬಂದಿದ್ದರೆ ಅದನ್ನೇ ಕಾರಣವೆಂದು ತಿಳಿಸಿ, ಸರಿಪಡಿಸಿ ತಂದರೆ ಮತ್ತೆ ಪರೀಕ್ಷಿಸುವುದಾಗಿ ಹೇಳಬಹುದು. ಆದರೆ ಕೊಟ್ಟ ಟೆಸ್ಟ್ ರಿಪೋರ್ಟೇ ಸುಳ್ಳೆಂದು ಗೊತ್ತಾದರೆ ಒಂದೇ ಸಾಲಿನಲ್ಲಿ ಬೇಡವೆನ್ನಿ. ಕರೆಯುವ ಉದ್ದೇಶ ನಿಮಗಿಲ್ಲದಿದ್ದಾಗ ಮುಂದಿನ ಆರ್ಡರಿನ ಮಾತು ಬರೆಯಬೇಡಿ. ಅದನ್ನು ನಂಬಿ ಕಾಯುವವರು ಆ ಕಡೆ ಇರುತ್ತಾರೆ.