ಬಕ್ರೀದ್‌ನ ಮೂರು ಪಾಲಿನಲ್ಲಿ ದೇವರ ಪಾಲು ಯಾವುದು?

ಪ್ರಶ್ನೆ: ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಮುಸ್ಲಿಂ ಕುಟುಂಬದವರು ಬಕ್ರೀದ್‌ಗೆ ಕುರಿ ಕೊಯ್ದು ಮಾಂಸವನ್ನು ಮೂರು ಪಾಲು ಮಾಡುತ್ತಾರೆ. ಒಂದು ಮನೆಗೆ, ಒಂದು ತುಮಕೂರು, ಕುಣಿಗಲ್‌ನಲ್ಲಿರುವ ನೆಂಟರಿಗೆ, ಇನ್ನೊಂದು ಬಡವರಿಗೆ. ಹಾಗಾದರೆ ದೇವರಿಗೆ ಏನು ಕೊಟ್ಟಂತಾಯಿತು? ನಮ್ಮ ಮನೆಕೆಲಸದಾಕೆಗೂ ಒಂದು ಪೊಟ್ಟಣ ಕೊಟ್ಟರು. ಅದು ಬಲಿಮಾಂಸ ತಾನೆ, ಆಕೆ ತಗೊಳ್ಳಬಹುದೇ?
— ಒಬ್ಬ ಗೃಹಿಣಿ, ಗುಬ್ಬಿ

ಉತ್ತರ: ತಾಯಿ, ನೀವು ಕೇಳಿದ ಮೊದಲ ಪ್ರಶ್ನೆಯಲ್ಲೇ ಈ ಹಬ್ಬದ ಗುಟ್ಟು ಇದೆ. ಮೂರು ಪಾಲಿನಲ್ಲಿ ದೇವರ ಪಾಲು ಅಂತ ಒಂದಿಲ್ಲ. ನಮ್ಮ ಯಜ್ಞದಲ್ಲಿ ಹವಿಸ್ಸು ಅಗ್ನಿಯ ಮೂಲಕ ದೇವತೆಗೆ ಸೇರುತ್ತದೆ. ಅವರಲ್ಲಿ ಅಗ್ನಿಯೂ ಇಲ್ಲ, ನೈವೇದ್ಯವೂ ಇಲ್ಲ. ಮಾಂಸವಾಗಲಿ ರಕ್ತವಾಗಲಿ ದೇವರನ್ನು ಮುಟ್ಟುವುದಿಲ್ಲ, ಮಾಡಿದವನ ಭಕ್ತಿ ಮಾತ್ರ ಮುಟ್ಟುತ್ತದೆ ಎಂಬ ಅರ್ಥದ ಮಾತು ಕುರಾನಿನಲ್ಲೇ ಇದೆ. ಸಂಕಲ್ಪ ದೇವರದು, ಮಾಂಸ ಪೂರ್ತಿ ಮನುಷ್ಯರದು.

ಹಬ್ಬದ ಹಿನ್ನೆಲೆ ಹೀಗಿದೆ. ಪ್ರವಾದಿ ಇಬ್ರಾಹಿಂ (ಕ್ರೈಸ್ತರು ಅಬ್ರಹಾಂ ಎನ್ನುವ ಅದೇ ಹಿರಿಯ) ತನ್ನ ಮಗನನ್ನು ಬಲಿ ಕೊಡುತ್ತಿರುವಂತೆ ಕನಸು ಕಂಡ. ಅದನ್ನು ದೇವರ ಅಪ್ಪಣೆ ಎಂದು ತಿಳಿದು ಮಗನಿಗೆ ಹೇಳಿದ. ಮಗನೂ ಒಪ್ಪಿದ. ಮಗನನ್ನು ಮಲಗಿಸಿದ ಹೊತ್ತಿಗೆ ದೇವರು ತಡೆದು, ಅವನ ಬದಲಿಗೆ ಒಂದು ಟಗರನ್ನು ಕೊಟ್ಟ. ಆ ಮಗ ಇಸ್ಮಾಯಿಲ್ ಎಂದು ಮುಸಲ್ಮಾನರು ನಂಬುತ್ತಾರೆ. ಯಹೂದಿ, ಕ್ರೈಸ್ತ ಗ್ರಂಥಗಳಲ್ಲಿ ಇಸಾಕ್ ಎಂದಿದೆ. ನಮ್ಮ ಸಿರಿಯಾಳನ ಕಥೆ ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಅಲ್ಲಿ ಮಗನನ್ನು ಕೊಂದ ಮೇಲೆ ಶಿವ ತಿರುಗಿ ಕೊಟ್ಟ, ಇಲ್ಲಿ ಎತ್ತಿದ ಕೈಯನ್ನೇ ದೇವರು ತಡೆದ.

ಈ ನೆನಪಿಗೆ ಜಿಲ್‌ಹಜ್ ಮಾಸದ 10ನೇ ದಿನ ಕುರ್ಬಾನಿ. ಚಂದ್ರದರ್ಶನದಿಂದ ಎಣಿಸುವುದರಿಂದ ನಮ್ಮ ಪಂಚಾಂಗದ ಶುಕ್ಲ ಏಕಾದಶಿಯ ಆಸುಪಾಸಿಗೆ ಬರುತ್ತದೆ. ಅವರಲ್ಲಿ ಅಧಿಕ ಮಾಸವಿಲ್ಲ, ಅದಕ್ಕೇ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ: 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಈದ್ ನಮಾಜಿಗೆ ಮುಂಚೆ ಕೊಯ್ದರೆ ಅದು ಬರೀ ಮಾಂಸ, ಕುರ್ಬಾನಿ ಎನಿಸಿಕೊಳ್ಳುವುದಿಲ್ಲ.

ಇನ್ನು ಪಾಲಿನ ವಿಷಯ. ಒಂದು ಟಗರಿನಿಂದ 15 ಕಿಲೋ ಮಾಂಸ ಬಂತು ಅಂತ ಇಟ್ಟುಕೊಳ್ಳಿ. 5 ಕಿಲೋ ಮನೆಗೆ. 5 ಕಿಲೋ ತುಮಕೂರಿನ ಅಣ್ಣನಿಗೆ, ಕುಣಿಗಲ್ಲಿನ ಅತ್ತೆಮನೆಗೆ, ಅಕ್ಕಪಕ್ಕದವರಿಗೆ. ಅವರು ಸ್ಥಿತಿವಂತರಾದರೂ ಅಡ್ಡಿಯಿಲ್ಲ, ಯಾಕೆಂದರೆ ಇದು ದಾನವಲ್ಲ, ಸಂಬಂಧ. ಉಳಿದ 5 ಕಿಲೋ ಅರ್ಧರ್ಧ ಕಿಲೋ ಮಾಡಿದರೂ ಹತ್ತು ಬಡ ಮನೆಗಳಿಗೆ ಆಗುತ್ತದೆ. ಬಾಗಿಲಿಗೆ ಬಂದು ಬೇಡುವವನಿಗೂ ಕೊಡಿ, ನಾಚಿಕೆಯಿಂದ ಬಾಯಿಬಿಡದವನಿಗೂ ಕೊಡಿ ಎಂದು ಕುರಾನು ಇಬ್ಬರನ್ನೂ ಬೇರೆಬೇರೆ ಹೇಳುತ್ತದೆ. ಬಾಯಿಬಿಡದವನ ಮನೆ ಯಾವುದೆಂದು ಕೊಡುವವನೇ ತಿಳಿದಿರಬೇಕು, ಕಷ್ಟ ಇರುವುದು ಅಲ್ಲಿ.

ಈ ಮೂರು ಸಮಪಾಲು ಉತ್ತಮ ಕ್ರಮವೇ ಹೊರತು ಕಡ್ಡಾಯವಲ್ಲ. ಸಂಸಾರ ದೊಡ್ಡದಿದ್ದರೆ ಮನೆಗೆ ಹೆಚ್ಚು ಇಟ್ಟುಕೊಳ್ಳಬಹುದು. ಪ್ರವಾದಿ ಮುಹಮ್ಮದರ ಕಾಲದಲ್ಲಿ ಒಂದು ವರ್ಷ ಹಸಿದ ಜನ ಮದೀನಕ್ಕೆ ಬಂದಿದ್ದರಿಂದ, ಮೂರು ದಿನಕ್ಕಿಂತ ಹೆಚ್ಚು ಮಾಂಸ ಕೂಡಿಡಬೇಡಿ ಎಂದಿದ್ದರಂತೆ. ಮರುವರ್ಷ ಆ ಕಟ್ಟು ಸಡಿಲಿಸಿ, ತಿನ್ನಿ, ಹಂಚಿ, ಇಟ್ಟುಕೊಳ್ಳಿ ಎಂದರು. ಆದರೆ ಹರಕೆ ಹೊತ್ತು ಮಾಡಿದ ಕುರ್ಬಾನಿಯ ಲೆಕ್ಕ ಬೇರೆ. ನಮ್ಮ ಕಡೆಯ ಮುಸಲ್ಮಾನರಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಪದ್ಧತಿಯಲ್ಲಿ ಅದು ಪೂರ್ತಿ ಬಡವರಿಗೇ ಹೋಗಬೇಕು, ಹರಕೆ ಹೊತ್ತವರು ಒಂದು ತುಂಡೂ ತಿನ್ನುವಂತಿಲ್ಲ.

ಹಂಚಿಕೆ ಕೆಡುವುದು ಕೂಲಿಯಲ್ಲಿ. ಕೊಯ್ದುಕೊಟ್ಟ ಕಸಾಯಿಗೆ ಕೂಲಿ ಬದಲು ಮಾಂಸವನ್ನೋ ಚರ್ಮವನ್ನೋ ಕೊಡುವಂತಿಲ್ಲ. ಕೂಲಿಯನ್ನು ದುಡ್ಡಲ್ಲಿ ಕೊಟ್ಟು, ಮೇಲೆ ಪ್ರೀತಿಯಿಂದ ಮಾಂಸ ಕೊಟ್ಟರೆ ಸರಿ. ಚರ್ಮ ಮಾರಿದರೆ ಆ ಹಣ ದಾನಕ್ಕೇ. ದೇವರ ಹೆಸರಲ್ಲಿ ಕೊಟ್ಟಿದ್ದರಿಂದ ತನ್ನ ಖರ್ಚು ಉಳಿಸಿಕೊಳ್ಳಬಾರದು ಎಂಬುದು ಇದರ ತರ್ಕ.

ನಿಮ್ಮ ಕೆಲಸದಾಕೆಯ ವಿಷಯವನ್ನೂ ಹೀಗೇ ನೋಡಿ. ಹನಫಿ ಪದ್ಧತಿಯಲ್ಲಿ ಅನ್ಯಮತದವರಿಗೂ ಈ ಮಾಂಸ ಕೊಡಬಹುದು. ಬಡವರ ಪಾಲೋ ನೆರೆಯವರ ಪಾಲೋ, ಅವರು ಕೊಟ್ಟದ್ದು ಆಕೆಗೆ. ಆಕೆ ಮಾಂಸ ತಿನ್ನುವವಳಾದರೆ ತಗೊಳ್ಳುವುದು ಬಿಡುವುದು ಆಕೆಯ ಇಷ್ಟ, ಆಕೆಯ ಮನೆಯ ಆಚಾರ. ನಮ್ಮ ಮಡಿಯನ್ನು ಆಕೆಯ ಒಲೆಯ ಮೇಲೆ ಹೇರುವ ಅಧಿಕಾರ ನಮಗಿಲ್ಲ. ನೀವು ಸಸ್ಯಾಹಾರಿಗಳಾದರೆ, ಪೊಟ್ಟಣವನ್ನು ನಿಮ್ಮ ಅಡುಗೆಮನೆಗೆ ತರದೆ ಮಹಡಿಯಿಂದಲೇ ನೇರ ಮನೆಗೆ ಒಯ್ಯಲಿ ಎಂದು ಹೇಳಿದರೆ ಸಾಕು. ಅದನ್ನು ಆಕೆಯ ಸಂಬಳದ ಲೆಕ್ಕಕ್ಕೆ ಮಾತ್ರ ನೀವೂ ಹಿಡಿಯಬೇಡಿ.